ಅಜ್ಜನ ತಾಳಮದ್ದಲೆ ರೆಕಾರ್ಡಿಂಗ್ ಒಡೆದ ಧ್ವನಿಯಲ್ಲಿದೆ, ಎಷ್ಟು ಉಳಿಸಬಹುದು?

ಸಾಗರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಜ್ಜ ಅರ್ಥ ಹೇಳ್ತಿದ್ರು. ಹೋದ ಮಳೆಗಾಲ ನಮ್ಮನೆ ಜಗಲಿಯಲ್ಲೇ ಒಂದು ತಾಳಮದ್ದಲೆ ಆಗಿತ್ತು. ಸಂಧಾನದ ಪ್ರಸಂಗ, ಅಜ್ಜಂದು ಕೌರವ. ಆಮೇಲೆ ಅವರು ಮತ್ತೆಲ್ಲೂ ಕೂರಲಿಲ್ಲ, ದೀಪಾವಳಿಗೆ ಮುಂಚೆ ಹೋಗಿಬಿಟ್ರು. ಹಾಗಾಗಿ ನಮ್ಮ ಹತ್ರ ಇರೋದು ಇದೊಂದೇ.

ಮೈಕ್ ಸೆಟ್‌ನ ಮಿಕ್ಸರ್‌ನಿಂದ ನೇರ ವೈರ್ ತೆಗೆದು ಚಿಕ್ಕ ರೆಕಾರ್ಡರ್‌ಗೆ ಹಾಕಿದ್ರು. ಒಟ್ಟು 52 ನಿಮಿಷ. ಮೆಲ್ಲಗೆ ಮಾತಾಡಿದ ಕಡೆ ಪರವಾಗಿಲ್ಲ. ಅಜ್ಜ ದನಿ ಏರಿಸಿದ ಕೂಡ್ಲೆ ಹರಿದ ಸ್ಪೀಕರಿನ ಹಾಗೆ ಕರಕರ ಅನ್ನತ್ತೆ. ಚಂಡೆ ಬಿದ್ದಲ್ಲಂತೂ ಎಂತದೂ ತಿಳಿಯಲ್ಲ.

ಆಡಾಸಿಟಿಯಲ್ಲಿ Select All ಮಾಡಿ Clip Fix ಕೊಟ್ಟೆ. ಸೌಂಡ್ ಕಡಿಮೆ ಆಯ್ತು, ಕರಕರ ಹಾಗೇ ಇದೆ. Show Clipping ಹಾಕಿದ್ರೆ ಒಂದು ಕೆಂಪು ಗೆರೆಯೂ ಬರಲ್ಲ. ಹಾಗಾದ್ರೆ ಇದು ಕ್ಲಿಪ್ಪಿಂಗ್ ಅಲ್ವಾ? ನಾನು ಕಾಲೇಜಲ್ಲಿ ಓದಿದ್ದು ಕಾಮರ್ಸ್, ಸ್ವಲ್ಪ ಬಿಡಿಸಿ ಹೇಳಿ.

ಕ್ಯಾಸೆಟ್ ಪೆಟ್ಟಿಗೆ

ತಂಗಿ, ಮೊದಲು ಪ್ಲೇಯರಿನ ಹೆಡ್ ಒರೆಸಿ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಅರ್ಧ ಕರಕರ ಅಲ್ಲೇ ಹೋಗುತ್ತೆ. ಹೆಡ್ ಪಕ್ಕದ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಮಂಕಾದ ಧ್ವನಿಯೂ ತೆರೆದುಕೊಳ್ಳುತ್ತೆ. ನನ್ನ ಹತ್ತಿರ ಇನ್ನೂರು ಕ್ಯಾಸೆಟ್ ಇವೆ, ಎಲ್ಲಾ ಹೀಗೇ ಉಳಿಸಿದ್ದು.

ಸಾಗರದ ಮೊಮ್ಮಗಳು

ಮಾವ, ಇದು ಕ್ಯಾಸೆಟ್ ಅಲ್ಲ. ಮೆಮೊರಿ ಕಾರ್ಡಿನ WAV ಫೈಲ್.

ಕ್ಯಾಸೆಟ್ ಪೆಟ್ಟಿಗೆ

ಓ, ಸರಿ. ಕ್ಯಾಸೆಟ್ ಆಗಿದ್ರೆ ಇಷ್ಟು ಕೆಡ್ತಿರಲಿಲ್ಲ ಅಂತ ಮಾತ್ರ ಹೇಳಿಡ್ತೀನಿ.

ಬಿಟ್ ಲೆಕ್ಕ

ಫೈಲನ್ನು 32 ಬಿಟ್ ಫ್ಲೋಟ್‌ಗೆ ಬದಲಾಯಿಸಿ, ಆಮೇಲೆ ವಾಲ್ಯೂಮ್ 12 ಡಿಬಿ ಇಳಿಸಿ. ಫ್ಲೋಟ್‌ನಲ್ಲಿ ಕ್ಲಿಪ್ ಆಗುವ ಮಾತೇ ಇಲ್ಲ, ಕತ್ತರಿಸಿಹೋದ ತುದಿ ವಾಪಸ್ ಬರುತ್ತೆ. ನಾನು ಮಾಡಿ ನೋಡಿದ್ದೀನಿ.

ಮೈಕ್‌ಸೆಟ್ ತೀರ್ಥಹಳ್ಳಿ

ಅವತ್ತು ನಾನಲ್ಲ ಇದ್ದದ್ದು, ಆದ್ರೂ ಆಪರೇಟರ್ ಪರವಾಗಿ ಒಂದು ಮಾತು. ನಾವು ರೆಕಾರ್ಡರಿನ ಮೀಟರ್ ನೋಡಿಯೇ ಬಿಡೋದು. ಕೆಂಪಿಗೆ ಹೋಗದಿದ್ದರೆ ರೆಕಾರ್ಡಿಂಗ್ ಸರಿ ಇದೆ ಅಂತಲೇ ಲೆಕ್ಕ. ಕೆಂಪು ಗೆರೆ ಇಲ್ಲ ಅಂತ ಅವರೇ ಹೇಳ್ತಿದ್ದಾರಲ್ಲ. ಹಾಗಾಗಿ ಇದು ಮೈಕಿಗೆ ಬಾಯಿ ತೀರಾ ಹತ್ತಿರ ಇಟ್ಟ ತೊಂದರೆ ಅಂತ ನನ್ನ ಅಂದಾಜು.

ದುರ್ಗಿಗುಡಿ ಧ್ವನಿ

ಊಹೆ ಸಾಕು, ಫೈಲ್ ನೋಡೋಣ. ಮೊಮ್ಮಗಳೇ, ಮೂರು ತುಂಡು ಕಳಿಸಿ, ತಲಾ ಹತ್ತು ಸೆಕೆಂಡ್: ಮೆಲುಮಾತಿನದ್ದೊಂದು, ದನಿ ಏರಿಸಿದ್ದೊಂದು, ಚಂಡೆ ಜೊತೆಗಿದ್ದೊಂದು. WAV ಆಗಿಯೇ ಬೇಕು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಡಿ, ಅದು ಮತ್ತೆ ಕುಗ್ಗಿಸುತ್ತೆ, ಕತ್ತರಿಸಿದ ತುದಿಯ ಗುರುತೇ ಅಳಿಸಿಹೋಗುತ್ತೆ. ಇನ್ನೊಂದು, ಕಾರ್ಡಿನಲ್ಲಿದ್ದ ಮೂಲ ಫೈಲ್ ಇದೆಯಾ, ಅಥವಾ ಯಾರಾದರೂ ಕೈಯಾಡಿಸಿದ್ದಾ?

ಸಾಗರದ ಮೊಮ್ಮಗಳು

ಕಾರ್ಡ್ ಈಗ ಇಲ್ಲ, ಅದರಲ್ಲಿ ಯಾರದ್ದೋ ಉಪನಯನ ತುಂಬಿದ್ದಾರೆ. ನನಗೆ ಸಿಕ್ಕಿದ್ದು ಚಿಕ್ಕಪ್ಪನ ಮಗನ ಪೆನ್‌ಡ್ರೈವಿನಿಂದ. ಮೊದಲಿಗೆ ಗಣಪತಿ ಸ್ತುತಿ ಇರಲಿ ಅಂತ ಬೇರೆ ರೆಕಾರ್ಡಿಂಗ್‌ನಿಂದ ಮೂರು ನಿಮಿಷ ಅಂಟಿಸಿದ್ದಾನಂತೆ. ಮತ್ತೇನೂ ಮುಟ್ಟಿಲ್ಲ, ದೇವರಾಣೆ ಅಂದ. ತುಂಡುಗಳನ್ನು ಲಿಂಕ್‌ನಲ್ಲಿ ಹಾಕಿದ್ದೀನಿ, ಪೂರ್ತಿ ಫೈಲೂ ಇದೆ.

ಬಿಟ್ ಲೆಕ್ಕ

ಪೂರ್ತಿ ಫೈಲ್ ಇಳಿಸಿಕೊಂಡು ಅಳೆದೆ.

```
ffmpeg -i ajja.wav -af astats -f null -
```

Flat factor ಸೊನ್ನೆ ಬಂತು, Peak level -0.18. ತುದಿ ಚಪ್ಪಟೆಯಾಗಿದ್ರೆ Flat factor ಸೊನ್ನೆ ಇರೋಕೆ ಸಾಧ್ಯವೇ ಇಲ್ಲ. ಅಲ್ಲಿಗೆ ಇದು ಕ್ಲಿಪ್ಪಿಂಗ್ ಅಲ್ಲ ಅನ್ನೋದು ಖಚಿತ. ಮೈಕ್‌ಸೆಟ್‌ನವರು ಹೇಳಿದ್ದೇ ಸರಿ.

ದುರ್ಗಿಗುಡಿ ಧ್ವನಿ

ಅಳೆದದ್ದು ಒಳ್ಳೇದಾಯ್ತು, ಆದರೆ ನೀವು ಅಳೆದದ್ದು ಗಣಪತಿ ಸ್ತುತಿಯನ್ನ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಕೇಸು ಚೆನ್ನಾಗಿದೆ.

ದನಿ ಏರಿಸಿದ ತುಂಡನ್ನು ಒಂದೊಂದು ಸ್ಯಾಂಪಲ್, ಅಂದ್ರೆ ಅಲೆಯ ಎತ್ತರ ಅಳೆದಿಟ್ಟ ಒಂದೊಂದು ಚುಕ್ಕಿ, ಕಾಣುವಷ್ಟು ಹಿಗ್ಗಿಸಿ ನೋಡಿ. ಪೂರ್ತಿ ಎತ್ತರ 1 ಅಂತಿಟ್ಕೊಂಡ್ರೆ, ಅಲೆ ಏರ್ತಾ ಹೋಗಿ 0.71ರ ಹತ್ತಿರ ಥಟ್ಟನೆ ನಿಲ್ಲುತ್ತೆ. ಅಲ್ಲಿಂದ ಮಟ್ಟಸ ಗೆರೆಯಲ್ಲ, ಹೆಂಚಿನ ಮಾಡಿನ ಹಾಗೆ ಸ್ವಲ್ಪ ಇಳಿಜಾರು: 0.71ರಲ್ಲಿ ಶುರುವಾಗಿ 0.68ಕ್ಕೆ ಇಳಿದು, ಆಮೇಲೆ ದಬಕ್ಕನೆ ಕೆಳಗೆ. ಪ್ರತಿ ಏರಿಕೆಯಲ್ಲೂ ಅದೇ ಎತ್ತರ, ಅದೇ ಇಳಿಜಾರು. ಮನುಷ್ಯನ ಗಂಟಲು ಹಾಗೆ ಅಳೆದು ನಿಲ್ಲಲ್ಲ. ಇದು ಕ್ಲಿಪ್ಪಿಂಗೇ, ಅಂದ್ರೆ ಸದ್ದು ಯಂತ್ರ ತಾಳೋ ಮಟ್ಟ ದಾಟಿ ಅಲೆಯ ತುದಿ ಕತ್ತರಿಸಿಹೋಗಿದೆ.

ಮತ್ತೆ ಕೆಂಪು ಗೆರೆ ಯಾಕಿಲ್ಲ? ಮಿಕ್ಸರಿನ ಲೈನ್ ಔಟ್ ಹತ್ತಿರಹತ್ತಿರ ಒಂದು ವೋಲ್ಟ್ ಕೊಡುತ್ತೆ. ರೆಕಾರ್ಡರಿನ ಮೈಕ್ ತೂತು ಕಾಯ್ತಾ ಇರೋದು ಕೆಲವೇ ಮಿಲಿವೋಲ್ಟಿಗೆ. ತೂತಿನ ಹಿಂದೆ ಮೊದಲು ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತೆ, ರೆಕಾರ್ಡ್ ವಾಲ್ಯೂಮ್ ಬರೋದು ಅದರ ನಂತರ. ತುದಿ ಕತ್ತರಿಸಿದ್ದು ಆ ಮೊದಲ ಮೆಟ್ಟಿಲಲ್ಲಿ. ಆಪರೇಟರು ವಾಲ್ಯೂಮ್ ಇಳಿಸಿದಾಗ ಆಗಲೇ ಕತ್ತರಿಸಿದ ಅಲೆಯೇ ಚಿಕ್ಕದಾಯ್ತು. ಮೀಟರ್ ಪಾಪ ಹಸಿರಲ್ಲೇ ಕೂತಿತ್ತು. Show Clipping ಸಹ ಹುಡುಕೋದು ಪೂರ್ತಿ ಎತ್ತರ ಮುಟ್ಟಿದ ಸ್ಯಾಂಪಲ್‌ಗಳನ್ನ, 0.71 ಅದರ ಕಣ್ಣಿಗೆ ಬೀಳಲ್ಲ.

ಇಳಿಜಾರು ಬಂದದ್ದು ಮುಂದಿನ ಕೆಪಾಸಿಟರ್‌ನಿಂದ. ಅದು ಒಂದೇ ಮಟ್ಟದಲ್ಲಿ ನಿಂತ ವೋಲ್ಟೇಜನ್ನು ಹಾಗೇ ನಿಲ್ಲೋಕೆ ಬಿಡಲ್ಲ, ಮೆಲ್ಲಗೆ ಸೊನ್ನೆ ಕಡೆ ಎಳೆಯುತ್ತೆ. Flat factor ಎಣಿಸೋದು ತುದಿಯಲ್ಲಿ ಒಂದೇ ಸಂಖ್ಯೆ ಸಾಲಾಗಿ ಬಂದದ್ದನ್ನ. ಇಳಿಜಾರಲ್ಲಿ ಸಂಖ್ಯೆ ಬದಲಾಗ್ತಾ ಹೋಗುತ್ತೆ. ಅದೂ ಅಲ್ಲದೆ ಈ ಫೈಲಿನ ಅತಿ ಎತ್ತರದ ತುದಿ ಇರೋದು ಅಂಟಿಸಿದ ಸ್ತುತಿಯಲ್ಲಿ, 0.98ರಲ್ಲಿ. ನಿಮಗೆ ಬಂದ -0.18 ಡಿಬಿ ಅಂದ್ರೆ ಅದೇ.

ಮೊಮ್ಮಗಳ Clip Fix ಸೋತದ್ದೂ ಇದೇ ಕಾರಣಕ್ಕೆ. ಅಲ್ಲಿ ಬರೆಯೋ 95 ಅನ್ನೋದು ಆರಿಸಿಕೊಂಡ ಭಾಗದ ಅತಿ ಎತ್ತರದ ಸ್ಯಾಂಪಲ್‌ನ ಶೇಕಡಾ 95. Select All ಕೊಟ್ಟಾಗ ಅದು 0.98ರ 95, ಅಂದ್ರೆ 0.93. ಅದಕ್ಕಿಂತ ಮೇಲಿದ್ದದ್ದನ್ನ ಮಾತ್ರ ಮುಟ್ಟುತ್ತೆ. ಅಜ್ಜನ ಧ್ವನಿ 0.71ರಲ್ಲೇ ಕತ್ತರಿಸಿದೆ, ಅಲ್ಲಿಗೆ ಅದು ಹೋಗಲೇ ಇಲ್ಲ. ಸೌಂಡ್ ಇಳಿದದ್ದು ಯಾಕಂದ್ರೆ, ಹೊಸದಾಗಿ ಬರೆಯೋ ತುದಿಗೆ ಜಾಗ ಬೇಕು ಅಂತ ಅದು ಎಲ್ಲವನ್ನೂ 9 ಡಿಬಿ ತಗ್ಗಿಸುತ್ತೆ. ತಗ್ಗಿಸಿತು, ಬರೆಯೋಕೆ ಏನೂ ಸಿಗಲಿಲ್ಲ.

ಈಗ ಹೀಗೆ ಮಾಡಿ. Undo ಕೊಟ್ಟು ಮೊದಲಿನ ಹಾಗೆ ಮಾಡ್ಕೊಳ್ಳಿ. ಸ್ತುತಿ ಬಿಟ್ಟು ಅರ್ಥದ ಭಾಗ ಮಾತ್ರ, ಅದನ್ನೂ ಒಂದೊಂದು ನಿಮಿಷದ ತುಂಡು ಮಾಡಿ ಆರಿಸಿ. Threshold of Clipping (%) 93 ಇಡಿ. 0.71ರ 93 ಅಂದ್ರೆ 0.66, ಇಳಿಜಾರಿನ ಕೆಳತುದಿಯೂ ಒಳಗೆ ಸೇರುತ್ತೆ. 9 ಡಿಬಿ ಹಾಗೇ ಇರಲಿ. ಮುಗಿದ ಮೇಲೆ 32 ಬಿಟ್ ಫ್ಲೋಟ್ WAV ಆಗಿ ಉಳಿಸಿ. ಗದ್ದಲ ತೆಗೆಯೋದು, ಈಕ್ವಲೈಜರ್, MP3 ಎಲ್ಲಾ ಆಮೇಲೆ. ಮುಂಚೆಯೇ ಮಾಡಿದ್ರೆ ತುದಿಯ ಆಕಾರ ಕದಡಿ ಯಾವುದು ಕತ್ತರಿಸಿದ್ದು, ಯಾವುದು ಅಲ್ಲ ಅನ್ನೋದು ಸಾಫ್ಟ್‌ವೇರಿಗೂ ತಿಳಿಯಲ್ಲ, ನಮಗೂ ತಿಳಿಯಲ್ಲ.

ಒಂದು ಎಚ್ಚರಿಕೆ: ಮೆಲುಮಾತಿನ ಭಾಗಕ್ಕೆ ಕೊಡಬೇಡಿ. ಅಲ್ಲಿ ಅತಿ ಎತ್ತರದ್ದು 0.4 ಅಂತಿಟ್ಕೊಳ್ಳಿ, ಅದರ 93ರ ಮೇಲಿನ ಒಳ್ಳೇ ತುದಿಗಳನ್ನೂ ಇದು ಕೆಟ್ಟದ್ದು ಅಂದ್ಕೊಂಡು ತಿದ್ದುತ್ತೆ. ಅಂಥ ಭಾಗವನ್ನು ಬರೀ 9 ಡಿಬಿ ಇಳಿಸಿ, ಉಳಿದದ್ದಕ್ಕೆ ಸರಿಹೊಂದುತ್ತೆ.

ಬಿಟ್ ಲೆಕ್ಕ

ಸ್ತುತಿಯನ್ನ ಅಳೆದದ್ದು ತಪ್ಪಾಯ್ತು, ಒಪ್ಪಿದೆ. ಆದ್ರೆ ಫ್ಲೋಟ್ ಬಗ್ಗೆ ಹೇಳಿದ್ದು ಸುಳ್ಳಲ್ಲ, ನನ್ನ ಫೈಲಲ್ಲಿ ನಿಜವಾಗ್ಲೂ ವಾಪಸ್ ಬಂದಿತ್ತು.

ದುರ್ಗಿಗುಡಿ ಧ್ವನಿ

ಬಂದಿರುತ್ತೆ. ನಿಮ್ಮದು ಮೊದಲಿನಿಂದಲೇ ಫ್ಲೋಟ್‌ನಲ್ಲಿದ್ದ ಫೈಲ್, ಪರದೆಯ ಮೇಲೆ ಮಾತ್ರ ಒಂದಕ್ಕಿಂತ ಮೇಲೆ ಹೋಗಿತ್ತು. ಸಂಖ್ಯೆ ಒಳಗೇ ಇತ್ತು, ಇಳಿಸಿದ್ರಿ, ಕಂಡಿತು. ಇಲ್ಲಿ ತುದಿ ಹೋದದ್ದು ತಂತಿಯಲ್ಲಿ, ಸಂಖ್ಯೆ ಆಗೋದಕ್ಕೆ ಮುಂಚೆ. ಸಣ್ಣ ಪಾತ್ರೆಗೆ ಹಾಲು ಹೊಯ್ದು ಚೆಲ್ಲಿದ ಮೇಲೆ ದೊಡ್ಡ ಪಾತ್ರೆಗೆ ಬಗ್ಗಿಸಿದರೆ ಚೆಲ್ಲಿದ್ದು ಬರಲ್ಲ. ಹೊಸದಾಗಿ ಬರೆಯೋ ತುದಿಗೆ ಜಾಗ ಬೇಕು ಅನ್ನೋದಕ್ಕೆ ಮಾತ್ರ ಫ್ಲೋಟ್ ಇಲ್ಲಿ ಬೇಕು.

ಕೊಪ್ಪದ ಹುಡುಗ

ನನ್ನದೂ ಇಂಥದ್ದೇ. ಊರ ಜಾತ್ರೆಯಲ್ಲಿ ಮಾಡಿದ ಭಾಷಣ, ಗೆಳೆಯ ಫೋನಲ್ಲಿ ರೆಕಾರ್ಡ್ ಮಾಡಿದ್ದ. ಕರಕರ ಇದೆ, ಆದ್ರೆ ಎಷ್ಟು ಹಿಗ್ಗಿಸಿ ನೋಡಿದ್ರೂ ಚಪ್ಪಟೆಯೂ ಇಲ್ಲ, ಇಳಿಜಾರೂ ಇಲ್ಲ. 93, 80, 60 ಎಲ್ಲಾ ಕೊಟ್ಟೆ. ಇನ್ನೂ ಹಾಳಾಯ್ತು.

ದುರ್ಗಿಗುಡಿ ಧ್ವನಿ

ಅವನು ಹಾರ್ನ್ ಸ್ಪೀಕರ್ ಹತ್ತಿರ ನಿಂತಿದ್ದನಾ?

ಕೊಪ್ಪದ ಹುಡುಗ

ಹೌದು, ಕಂಬದ ಕೆಳಗೇ.

ದುರ್ಗಿಗುಡಿ ಧ್ವನಿ

ಹಾಗಾದ್ರೆ ಬಿಟ್ಟುಬಿಡಿ. ಒಡೆದದ್ದು ಆಂಪ್ಲಿಫೈಯರ್‌ನಲ್ಲಿ ಅಥವಾ ಹಾರ್ನ್‌ನಲ್ಲಿ. ಒಡೆದ ಧ್ವನಿ ಗಾಳಿಯಲ್ಲಿ ಬಂತು, ಗೋಡೆಗೆ ಬಡಿದು ಬಂದದ್ದೂ ಅದಕ್ಕೆ ಸೇರಿತು, ಫೋನ್ ಅದನ್ನ ನಿಯತ್ತಾಗಿ ಹಿಡಿಯಿತು. ಅಲೆಯ ಆಕಾರ ದಾರಿಯಲ್ಲೇ ಕಲಸಿಹೋಗಿದೆ. ಎಲ್ಲಿಂದ ಎಲ್ಲಿವರೆಗೆ ಕತ್ತರಿಸಿತ್ತು ಅನ್ನೋ ಗುರುತು ಇಲ್ಲದಿದ್ರೆ ತುಂಬೋದು ಎಲ್ಲಿಗೆ? ಮೇಲಿನ ಕರಕರವನ್ನು ಈಕ್ವಲೈಜರ್‌ನಲ್ಲಿ ಸ್ವಲ್ಪ ತಗ್ಗಿಸಿ ಕಿವಿಗೆ ಹಿತ ಮಾಡಬಹುದು, ಅಷ್ಟೇ. ಮಾತು ಅರ್ಥ ಆಗುತ್ತಲ್ಲ?

ಕೊಪ್ಪದ ಹುಡುಗ

ಮಾತೆಲ್ಲಾ ಅರ್ಥ ಆಗುತ್ತೆ. ಭಾಷಣ ಮಾಡಿದ್ದು ನಾನೇ, ಗೊತ್ತಿರುತ್ತಲ್ಲ.

ಸಾಗರದ ಮೊಮ್ಮಗಳು

ಕರೆಂಟ್ ಇಲ್ದೆ ಎರಡು ದಿನ ಏನೂ ಮಾಡೋಕಾಗ್ಲಿಲ್ಲ. ನಿನ್ನೆ ರಾತ್ರಿ ಕೂತು ಮಾಡಿದೆ. ದನಿ ಏರಿಸಿದ ಕಡೆ ನಿಜವಾಗ್ಲೂ ಅಜ್ಜನ ಧ್ವನಿ ಬಂತು! ಪೂರ್ತಿ ಅಲ್ಲ, ಆದ್ರೆ ಆ ಹರಕು ಸ್ಪೀಕರ್ ಹೋಯ್ತು. ಅಮ್ಮನಿಗೆ ಕೇಳಿಸಿದೆ, ಒಲೆ ಮೇಲಿದ್ದ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ ಅವಳಿಗೆ.

ಆದ್ರೆ ಚಂಡೆ ಭಾಗ ಮೊದಲಿಗಿಂತ ಕೆಟ್ಟಿದೆ. ಒಳಗೆ ಯಾರೋ ಡಬ್ಬ ಬಡಿದ ಹಾಗೆ ಟಪ್ ಟಪ್ ಅನ್ನತ್ತೆ. 90 ಮಾಡ್ಲಾ, 85 ಮಾಡ್ಲಾ?

ದುರ್ಗಿಗುಡಿ ಧ್ವನಿ

ಸಂಖ್ಯೆ ಬದಲಾಯಿಸಿ ಪ್ರಯೋಜನ ಇಲ್ಲ. ನಿಮ್ಮ ಮೂರೂ ತುಂಡಿನಲ್ಲಿ ಕತ್ತರಿಸಿದ ಜಾಗದ ಅಗಲವನ್ನು ಕೂತು ಎಣಿಸಿದೆ. ಫೈಲ್ ಸೆಕೆಂಡಿಗೆ 44100 ಸ್ಯಾಂಪಲ್‌ದು. ಮೆಲುಮಾತಿನಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ರೆ ಕತ್ತರಿಸಿದ್ದೇ ಇಲ್ಲ. ದನಿ ಏರಿಸಿದಲ್ಲಿ ಒಂದೊಂದು ತುದಿಗೆ 6ರಿಂದ 20 ಸ್ಯಾಂಪಲ್. ಚಂಡೆ ಜೊತೆಗಿದ್ದಲ್ಲಿ 60, 80, ಒಂದು ಕಡೆ 110.

ಗಂಡಸಿನ ಬಾಯಿಂದ ಬಂದ ‘ಆ’ ತಗೊಳ್ಳಿ. ‘ಆ’ಗೆ ಆ ಗುಣ ಕೊಡೋ ಮುಖ್ಯ ಕಂಪನ ಸುಮಾರು 700 ಹರ್ಟ್ಸ್. ಅದರ ಒಂದು ಪೂರ್ತಿ ಸುತ್ತಿಗೆ ಈ ಫೈಲಿನಲ್ಲಿ 63 ಸ್ಯಾಂಪಲ್, ಮೇಲಿನ ಅರ್ಧಕ್ಕೆ 31. ಕತ್ತರಿಸಿದ್ದು 10 ಸ್ಯಾಂಪಲ್ ಆದ್ರೆ ಗುಡ್ಡದ ನೆತ್ತಿ ಮಾತ್ರ ಹೋಗಿದೆ. ಎರಡೂ ಕಡೆಯ ಏರು ಕಾಣ್ತಾ ಇದೆ, ಅದನ್ನ ಹಿಡಿದು ನೆತ್ತಿ ಬರೆಯಬಹುದು. ಸ್ವಲ್ಪ ಹೆಚ್ಚುಕಡಿಮೆ ಆದ್ರೂ ಕಿವಿಗೆ ಗೊತ್ತಾಗಲ್ಲ. 31 ದಾಟಿದ್ರೆ ಒಂದಿಡೀ ಗುಡ್ಡ ಮಂಜಿನೊಳಗೆ. 80 ಅಂದ್ರೆ ಅದರೊಳಗೆ ಒಂದು ಗುಡ್ಡ ಇತ್ತಾ, ನಡುವೆ ಕಣಿವೆ ಇತ್ತಾ, ಗೊತ್ತಾಗೋದು ಹೇಗೆ? Clip Fix ಎರಡು ದಡ ನೋಡಿ ನಡುವೆ ದೊಡ್ಡದೊಂದು ದಿಬ್ಬ ಎಳೆದುಬಿಡುತ್ತೆ. ಆ ದಿಬ್ಬವೇ ನಿಮಗೆ ಕೇಳೋ ಟಪ್.

ಚಂಡೆಯಲ್ಲಿ ಇನ್ನೊಂದು ಕೇಡಿದೆ. ಚಂಡೆಯೂ ಅಜ್ಜನೂ ಒಂದೇ ತಂತಿಯಲ್ಲಿ ಬಂದವರು. ಚಂಡೆ ಅಲೆಯನ್ನು ಛಾವಣಿಗೆ ಒತ್ತಿ ಹಿಡಿದಷ್ಟು ಹೊತ್ತು ಅದರ ಮೇಲೆ ಸವಾರಿ ಮಾಡ್ತಿದ್ದ ಅಜ್ಜನ ಧ್ವನಿ ಪೂರ್ತಿ ಸೊನ್ನೆ. ಕಡಿಮೆಯಾದದ್ದಲ್ಲ, ಇಲ್ಲವೇ ಇಲ್ಲ. ಯಾವ ಸಾಫ್ಟ್‌ವೇರ್ ಅಲ್ಲಿ ಏನು ಬರೆದರೂ ಅದು ಅಜ್ಜ ಹೇಳಿದ್ದಲ್ಲ.

ನೀವೇ ಪರೀಕ್ಷೆ ಮಾಡಬಹುದು. ಮೂಲ ತುಂಡಿನ ಒಂದು ಪ್ರತಿ ತಗೊಂಡು 9 ಡಿಬಿ ಇಳಿಸಿ, Invert ಕೊಟ್ಟು, ತಿದ್ದಿದ ತುಂಡಿನ ಕೆಳಗೆ ಅದೇ ಜಾಗಕ್ಕೆ ಇಟ್ಟು ಎರಡನ್ನೂ ಒಟ್ಟಿಗೆ ಕೇಳಿ. ಮುಟ್ಟದೇ ಇದ್ದದ್ದೆಲ್ಲಾ ಪರಸ್ಪರ ಹೊಡೆದುಹೋಗಿ, ಸಾಫ್ಟ್‌ವೇರ್ ಹೊಸದಾಗಿ ಬರೆದದ್ದು ಮಾತ್ರ ಉಳಿಯುತ್ತೆ. ಅದು ಮಾತಿನ ಲಯಕ್ಕೆ ಸರಿಯಾಗಿ ಚಿಟಿಚಿಟಿ ಅಂದ್ರೆ ಒಳ್ಳೇ ಲಕ್ಷಣ. ಧಡ್ ಧಡ್ ಅಂತ ದಪ್ಪ ಸದ್ದು ಬಂದ್ರೆ ಅದು ಊಹೆ, ಅಲ್ಲಿ ತಿದ್ದದೆ ಮೂಲವನ್ನೇ ಇಟ್ಟುಕೊಳ್ಳಿ.

ಮೈಕ್‌ಸೆಟ್ ತೀರ್ಥಹಳ್ಳಿ

ಇಪ್ಪತ್ತು ವರ್ಷದಿಂದ ಮೀಟರ್ ನಂಬಿಕೊಂಡೇ ಬಂದಿದ್ದೆ ಮಾರಾಯ್ರೆ. ಮೊದಲ ಮೆಟ್ಟಿಲು ವಾಲ್ಯೂಮಿಗಿಂತ ಹಿಂದೆ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ. ಹಾಗಾದ್ರೆ ಎಂತ ಮಾಡೋದು, ಎಲ್ಲಾ ರೆಕಾರ್ಡರಿನಲ್ಲೂ ಲೈನ್ ಇನ್ ಇರಲ್ಲ.

ದುರ್ಗಿಗುಡಿ ಧ್ವನಿ

ಮೆನುವಿನಲ್ಲಿ ಮೈಕ್/ಲೈನ್ ಬದಲಾಯಿಸೋ ಆಯ್ಕೆ ಇದೆಯಾ ನೋಡಿ, ಕೆಲವದ್ರಲ್ಲಿ ಒಂದೇ ತೂತಿಗೆ ಎರಡೂ ಇರುತ್ತೆ. ಇಲ್ಲದಿದ್ರೆ ರೆಸಿಸ್ಟರ್ ಹಾಕಿದ ಕೇಬಲ್, 40 ಡಿಬಿ ಇಳಿಸೋದು. ವೋಲ್ಟೇಜ್ ನೂರನೇ ಒಂದು ಪಾಲಾಗುತ್ತೆ. ಅದೂ ಇಲ್ಲಾಂದ್ರೆ ಮಿಕ್ಸರಿನಲ್ಲೇ ಆ ಔಟ್‌ಪುಟ್ ಇಳಿಸಿ, ರೆಕಾರ್ಡರಿನಲ್ಲಲ್ಲ. ಮೀಟರ್ ನೋಡೋದರ ಜೊತೆ ಹೆಡ್‌ಫೋನ್ ಹಾಕಿ ಕೇಳಿ. ಮೀಟರ್ ಹಸಿರಿದ್ದು ಕಿವಿಗೆ ಕರಕರ ಅಂದ್ರೆ ಕಿವಿಯನ್ನೇ ನಂಬಿ.

ಮೈಕ್‌ಸೆಟ್ ತೀರ್ಥಹಳ್ಳಿ

ಮಳೆ ಹೊಡೆತಕ್ಕೆ ಜಗಲಿಯಲ್ಲಿ ಹೆಡ್‌ಫೋನ್ ಹಾಕಿದ್ರೂ ಅಷ್ಟೇ. ಕೇಬಲ್ ಮಾಡಿಸ್ತೀನಿ.

ಬಿಟ್ ಲೆಕ್ಕ

ಒಂದು ಪ್ರಶ್ನೆ. ಇಷ್ಟು ಹಾಳಾಗಿದ್ರೂ ದನಿ ಏರಿಸಿದಲ್ಲಿ ಮಾತು ಮೊದಲೇ ಅರ್ಥ ಆಗ್ತಿತ್ತಲ್ಲ, ತಿದ್ದೋದಕ್ಕೂ ಮುಂಚೆ. ಅದು ಹೇಗೆ?

ದುರ್ಗಿಗುಡಿ ಧ್ವನಿ

ಒಳ್ಳೇ ಪ್ರಶ್ನೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಲಿಕ್‌ಲೈಡರ್ ಅನ್ನೋರು ಮಾತಿನ ಅಲೆಯ ಎತ್ತರವನ್ನ ಪೂರ್ತಿ ಕತ್ತರಿಸಿ, ಸೊನ್ನೆಯ ಮೇಲಿದೆಯೋ ಕೆಳಗಿದೆಯೋ ಅನ್ನೋದಷ್ಟನ್ನೇ ಉಳಿಸಿ ಜನರಿಗೆ ಕೇಳಿಸಿದ್ರು. ಹೆಚ್ಚಿನ ಪದಗಳು ಅರ್ಥ ಆದವು. ಅಲೆ ಸೊನ್ನೆಯನ್ನ ಯಾವಾಗ ದಾಟುತ್ತೆ ಅನ್ನೋದರಲ್ಲೇ ಮಾತಿನ ಬಹುಪಾಲು ಅಡಗಿದೆ. ನಮ್ಮ ಕೇಸಲ್ಲಿ ಇನ್ನೂ ಒಂದು ಅನುಕೂಲ: ಕತ್ತರಿಸಿಕೊಳ್ಳೋದು ಜೋರಾಗಿರೋ ಸ್ವರಗಳು. ಸ, ಶ, ತ, ಕ ಎಲ್ಲಾ ಸಣ್ಣ ಸದ್ದು, ಛಾವಣಿ ತನಕ ಹೋಗೋದೇ ಇಲ್ಲ. ಹಾಗಾಗಿ ಮಾತು ಉಳಿದು ಗಂಟಲು ಹೋಗುತ್ತೆ. ಆದ್ರೆ ಇದೆಲ್ಲಾ ಒಬ್ಬರೇ ಮಾತಾಡುವಾಗ. ಜೊತೆಗೆ ಚಂಡೆ ಬಂದ್ರೆ ಸೊನ್ನೆ ದಾಟೋ ಲೆಕ್ಕ ಚಂಡೆಯ ಕೈಗೆ ಹೋಗುತ್ತೆ.

ಸಾಗರದ ಮೊಮ್ಮಗಳು

ಒಂದು ಸುದ್ದಿ. ಪಕ್ಕದ ಮನೆ ಅಣ್ಣ ಅವತ್ತು ಫೋನ್ ಜಗಲಿ ಕಟ್ಟೆ ಮೇಲಿಟ್ಟು ರೆಕಾರ್ಡ್ ಮಾಡಿದ್ರಂತೆ! ಪೂರ್ತಿ ಇದೆ. ಮಳೆ ಸದ್ದು ತುಂಬಾ, ಅಜ್ಜ ದೂರದಲ್ಲಿ ಎಲ್ಲೋ ಬಾವಿಯಿಂದ ಮಾತಾಡಿದ ಹಾಗಿದೆ. ಆದ್ರೆ ಒಡೆದಿಲ್ಲ. ಒಡೆದ ಕಡೆಯೆಲ್ಲಾ ಇದನ್ನೇ ಹಾಕಿಬಿಡ್ಲಾ?

ದುರ್ಗಿಗುಡಿ ಧ್ವನಿ

ಇದು ಮೊದಲೇ ಸಿಕ್ಕಿದ್ರೆ ನಾನು ಇಷ್ಟು ಬರೆಯೋದು ತಪ್ತಿತ್ತು. ಎಲ್ಲಾ ಕಡೆ ಬೇಡ. ದನಿ ಏರಿಸಿದಲ್ಲಿ ತಿದ್ದಿದ್ದೇ ಚೆನ್ನಾಗಿದೆ. ಚಂಡೆ ಭಾಗಕ್ಕೆ ಮಾತ್ರ ಫೋನಿಂದು ತಗೊಳ್ಳಿ. 52 ನಿಮಿಷವನ್ನೂ ಒಂದೇ ಸಲ ಜೋಡಿಸೋಕೆ ಹೋಗಬೇಡಿ, ಎರಡು ಯಂತ್ರದ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಶುರುವಲ್ಲಿ ಸರಿ ಇದ್ದದ್ದು ಕೊನೆಗೆ ಬರುವಾಗ ಎರಡೆರಡು ಸಲ ಕೇಳುತ್ತೆ. ಪ್ರತಿ ತುಂಡಿಗೂ ಅಲ್ಲೇ ಹತ್ತಿರದ ತಾಳದ ಒಂದು ಪೆಟ್ಟು ನೋಡಿ ಹೊಂದಿಸಿ. ಸೇರಿಸುವಾಗ ವಾಕ್ಯದ ನಡುವೆ ಬೇಡ, ಅಜ್ಜ ಉಸಿರು ತಗೊಳ್ಳೋ ಕಡೆ ಸೇರಿಸಿ. ಧ್ವನಿ ಬದಲಾದದ್ದು ಕೇಳಿದ್ರೆ ಕೇಳಲಿ, ಮುಚ್ಚೋಕೆ ಹೋಗಬೇಡಿ.

ಕ್ಯಾಸೆಟ್ ಪೆಟ್ಟಿಗೆ

ಮಳೆ ಸದ್ದು ತೆಗೆಯಬೇಡಿ ತಂಗಿ. ಮಳೆ ಇಲ್ಲದ ತಾಳಮದ್ದಲೆ ಏನು ಚೆಂದ.

ಸಾಗರದ ಮೊಮ್ಮಗಳು

ತೆಗೆಯಲ್ಲ ಮಾವ. ಐದು ಕಡೆ ಫೋನಿಂದು ಹಾಕಿದೆ, ಕೂತುಕೊಂಡಿತು. ಒಂದು ಕಡೆ ಮಾತ್ರ ಬಗೆಹರಿಯಲಿಲ್ಲ. 31ನೇ ನಿಮಿಷ, ಕೌರವನ ಕೊನೇ ಮಾತು. “ಸೂಜಿಮೊನೆಯಷ್ಟು ನೆಲವನ್ನೂ”, ಆಮೇಲೆ ಚಂಡೆ ಪೆಟ್ಟು, ಆಮೇಲೆ “ಡೆ”. ‘ಕೊಡೆ’ ಅಂದ್ರಾ ‘ಬಿಡೆ’ ಅಂದ್ರಾ? ರೆಕಾರ್ಡರಿನಲ್ಲಿ ಅಲ್ಲಿ 90 ಸ್ಯಾಂಪಲ್ ಅಗಲದ ಕತ್ತರಿ, ಒಂದರ ಹಿಂದೆ ಒಂದು. ಫೋನಲ್ಲಿ ಅದೇ ಹೊತ್ತಿಗೆ ಚಂಡೆ ಜೊತೆ ತಗಡಿನ ಮೇಲೆ ಮಳೆ.

ಬಿಟ್ ಲೆಕ್ಕ

‘ಬಿಡೆ’ ಅನ್ನಿಸುತ್ತೆ. ನಿಧಾನ ಮಾಡಿ ಹತ್ತು ಸಲ ಕೇಳಿದೆ, ತುಟಿ ಮುಚ್ಚಿ ತೆರೆದ ಹಾಗಿದೆ.

ಮೈಕ್‌ಸೆಟ್ ತೀರ್ಥಹಳ್ಳಿ

ನನಗೆ ‘ಕೊಡೆ’. ಕೌರವ ಇನ್ನೆಂತ ಹೇಳ್ತಾನೆ?

ದುರ್ಗಿಗುಡಿ ಧ್ವನಿ

ನಾನೂ ಕೇಳಿದೆ. ಮೊದಲ ಸಲ ‘ಕೊಡೆ’ ಕೇಳಿತು. ಬಿಟ್ ಲೆಕ್ಕದವರು ಬರೆದದ್ದು ಓದಿ ಮತ್ತೆ ಕೇಳಿದೆ, ‘ಬಿಡೆ’ ಕೇಳಿತು. ಅಂದ್ರೆ ಅಲ್ಲಿ ಏನೂ ಇಲ್ಲ, ನಾವು ಅಂದುಕೊಂಡದ್ದು ಕೇಳ್ತಾ ಇದೆ. ಬರೆದಿಡುವಾಗ ಆ ಒಂದು ಅಕ್ಷರದ ಜಾಗ ಖಾಲಿ ಬಿಡಿ, ಪಕ್ಕದಲ್ಲಿ ನಿಮಿಷ ಸೆಕೆಂಡ್ ಹಾಕಿ. ಮೂಲ ಫೈಲ್, ತಿದ್ದಿದ್ದು, ಫೋನಿಂದು, ಮೂರನ್ನೂ ಬೇರೆಬೇರೆ ಹೆಸರಲ್ಲಿ ಎರಡು ಕಡೆ ಇಡಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ.

ಸಾಗರದ ಮೊಮ್ಮಗಳು

ಖಾಲಿ ಬಿಟ್ಟಿದ್ದೀನಿ. ಚಿಕ್ಕಪ್ಪ ‘ಬಿಡೆ’ ಅಂತ ಹಠ ಹಿಡಿದಿದ್ದಾರೆ, ಅಜ್ಜನ ಪಕ್ಕ ಮದ್ದಲೆಗೆ ಕೂತಿದ್ದವರು ಅವರೇ. ಅಜ್ಜಿ ‘ಕೊಡೆ’ ಅಂತಾರೆ. ಅಜ್ಜಿ ಅವತ್ತು ಎಲ್ಲರಿಗೂ ಕಷಾಯ ಕಾಸ್ತಾ ಅಡಿಗೆಮನೆಯಲ್ಲಿದ್ರು, ಅಲ್ಲಿಗೆ ಕೇಳಿಸಿದ್ದು ಹೇಗೆ ಅಂದ್ರೆ, ನಲವತ್ತು ವರ್ಷ ಕೇಳಿದ್ದೀನಿ, ಇನ್ನೇನು ಹೊಸದಾಗಿ ಕೇಳೋದು ಅಂದ್ರು.